ಮೊದಲು ಮಾದರಿ, ಆಮೇಲೆ ಮಾನದಂಡ

‘ಪ್ರಬಂಧವನ್ನು ಯಾವ ಮಾನದಂಡಗಳಿಂದ, ಯಾವ ಮಟ್ಟಗಳಲ್ಲಿ ಅಳೆಯುತ್ತೇನೆ ಎಂಬ ರೂಬ್ರಿಕ್ ಬರೆದು ಗೋಡೆಗೆ ಅಂಟಿಸಿದ್ದೆ. ಮಕ್ಕಳು ಅದರತ್ತ ನೋಡಲೂ ಇಲ್ಲ. ಅವರ ಜೊತೆಗೇ ತಯಾರಿಸೋಣ ಅಂತ, ಒಳ್ಳೆಯ ಪ್ರಬಂಧ ಹೇಗಿರಬೇಕು ಎಂದು ಕೇಳಿದೆ. ಅಕ್ಷರ ದುಂಡಗಿರಬೇಕು, ತಪ್ಪಿರಬಾರದು ಎಂದಷ್ಟೇ ಹೇಳಿದರು. ಮುಂದೇನು ಮಾಡಲಿ?’
– ಒಬ್ಬ ಶಿಕ್ಷಕಿ

ಮೇಡಂ,

ಕೈಯಲ್ಲಿ ಏನೂ ಕೊಡದೆ ಕೇಳಿದರೆ ಮಕ್ಕಳು ಇಷ್ಟೇ ಹೇಳುವುದು. ಮೊದಲು ಮಾದರಿಗಳನ್ನು ಕೊಡಿ. ಹಳೆಯ ವರ್ಷದ ಪ್ರಬಂಧಗಳಿದ್ದರೆ ಹೆಸರು ತೆಗೆದು ಬಳಸಿ, ಇಲ್ಲದಿದ್ದರೆ ನೀವೇ ಬರೆಯಿರಿ. ಇದೇ ತರಗತಿಯ ಮಗುವಿನದು ಮಾತ್ರ ಬೇಡ. ಎಲ್ಲವನ್ನೂ ಟೈಪ್ ಮಾಡಿಸಿ, ಆಗ ದುಂಡಕ್ಷರದ ಮಾತೇ ಬರುವುದಿಲ್ಲ.

ವಿಷಯ ‘ಶಾಲೆಗೆ ಮೊಬೈಲ್ ತರಬಹುದೇ?’ ಎಂದಿಟ್ಟುಕೊಳ್ಳಿ. ಒಂದು ಮಾದರಿ ಉದ್ದವಾಗಿರಲಿ, ಕಾಗುಣಿತ ಸರಿ ಇರಲಿ. ಆದರೆ ‘ಮೊಬೈಲ್ ಕೆಟ್ಟದ್ದು’ ಎಂಬುದನ್ನೇ ತಿರುಗಿಸಿ ತಿರುಗಿಸಿ ಹೇಳಲಿ. ಇನ್ನೊಂದು ಚಿಕ್ಕದು, ಒಂದೆರಡು ತಪ್ಪೂ ಇದೆ. ಆದರೆ ‘ಪಾಠದ ಮಧ್ಯೆ ಒಂದು ಫೋನ್ ರಿಂಗಾದರೂ ಎಲ್ಲರ ಗಮನ ಅತ್ತ ಹೋಗುತ್ತದೆ, ಅದಕ್ಕೇ ಬೇಡ’ ಎನ್ನುತ್ತದೆ. ‘ನಿಮ್ಮನ್ನು ಒಪ್ಪಿಸಿದ್ದು ಯಾವುದು, ಯಾವ ಸಾಲು’ ಎಂದು ಮಕ್ಕಳನ್ನು ಕೇಳಿ. ಆ ಸಾಲಿಗೆ ಗೆರೆ ಎಳೆಯಲಿ. ಅವರು ಕೊಡುವ ಕಾರಣಗಳನ್ನು ಅವರದೇ ಮಾತಿನಲ್ಲಿ ಬೋರ್ಡಿನ ಮೇಲೆ ಬರೆಯಿರಿ. ಒಂದೇ ಥರದವನ್ನು ಒಟ್ಟು ಮಾಡಿದರೆ ಮೂರೋ ನಾಲ್ಕೋ ಮಾನದಂಡ ಸಿಗುತ್ತವೆ. ಅಷ್ಟು ಸಾಕು.

ಜಾಸ್ತಿ ಎಡವುವುದು ಪ್ರತಿ ಮಾನದಂಡಕ್ಕೂ ಮಟ್ಟಗಳನ್ನು ಬರೆಯುವಾಗ. ‘ತುಂಬಾ ಚೆನ್ನಾಗಿದೆ, ಸುಮಾರಾಗಿದೆ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಮೂರು ಕಾರಣ ಇದ್ದರೆ ಪೂರ್ತಿ ಅಂಕ’ ಎಂದರೆ ಸುಮ್ನೆ ಮೂರು ಟೊಳ್ಳು ಕಾರಣ ಬರೆದುಬಿಡುತ್ತಾರೆ. ಓದುವವರಿಗೆ ಏನು ಕಾಣಬೇಕೋ ಅದನ್ನೇ ಬರೆಸಿ: ‘ಅಭಿಪ್ರಾಯ ಮಾತ್ರ ಇದೆ’, ‘ಕಾರಣ ಇದೆ, ಅದರಿಂದ ಏನಾಗುತ್ತದೆ ಎಂದಿಲ್ಲ’, ‘ಕಾರಣ ಇದೆ, ಏನಾಗುತ್ತದೆ ಎಂದೂ ಹೇಳಿದೆ’.

ಎದುರು ವಾದಕ್ಕೆ ಉತ್ತರ ಕೊಡಬೇಕು ಎಂಬುದು ಮಕ್ಕಳಿಗೆ ಹೊಳೆಯದೇ ಹೋಗಬಹುದು. ಆಗ ‘ತುರ್ತಿಗೆ ಬೇಕಲ್ವಾ ಅನ್ನಬಹುದು, ಆದರೆ ಆಫೀಸಿನಲ್ಲಿ ಫೋನಿದೆ’ ಎನ್ನುವ ಇನ್ನೊಂದು ಮಾದರಿ ಕೊಟ್ಟು ನೋಡಿ. ಆಗಲೂ ಬರದಿದ್ದರೆ ‘ಇದು ನನ್ನ ಕಡೆಯಿಂದ’ ಎಂದು ಹೇಳಿಯೇ ಸೇರಿಸಿ. ಮಕ್ಕಳೇ ಹೇಳಿದರು ಎಂದು ತೋರಿಸಿಕೊಳ್ಳುವುದು ಬೇಡ.

ಇನ್ನು ಈ ರೂಬ್ರಿಕ್‌ನ ಪರೀಕ್ಷೆ. ಯಾರೂ ನೋಡಿರದ ಹೊಸ ಮಾದರಿ ಕೊಡಿ. ಪ್ರತಿಯೊಬ್ಬರೂ ಪಕ್ಕದವರನ್ನು ಕೇಳದೆ ಮಟ್ಟ ಗುರುತಿಸಲಿ, ಆಮೇಲೆ ಕೈ ಎತ್ತಿಸಿ. ಒಂದೇ ಸಾಲಿಗೆ ಅರ್ಧ ತರಗತಿ ಒಂದನೇ ಮಟ್ಟ, ಇನ್ನರ್ಧ ಮೂರನೆಯದು ಎಂದರೆ ಎರಡೂ ಕಡೆಯವರು ತಮ್ಮ ಕಾರಣವನ್ನು ಮಾದರಿಯಲ್ಲೇ ತೋರಿಸಲಿ. ಸಾಮಾನ್ಯವಾಗಿ ರೂಬ್ರಿಕ್‌ನ ಯಾವುದೋ ಮಾತನ್ನು ಇಬ್ಬರೂ ಬೇರೆ ಬೇರೆ ಥರ ತಿಳಿದಿರುತ್ತಾರೆ. ಆ ಮಾತನ್ನು ಅಲ್ಲೇ ತಿದ್ದಿ. ಈ ಹೆಜ್ಜೆ ಬಿಟ್ಟರೆ ಇದೂ ಗೋಡೆಯ ಕಾಗದವೇ ಆಗುತ್ತದೆ.

ಇದಕ್ಕೆಲ್ಲ ಎರಡು ಪೀರಿಯಡ್ ಬೇಕಾದೀತು. ಹಾಗಾಗಿ ಪ್ರತಿ ಬರವಣಿಗೆಗೂ ಮಾಡಬೇಡಿ, ವರ್ಷದಲ್ಲಿ ಮತ್ತೆ ಮತ್ತೆ ಬರುವ ಬರವಣಿಗೆಯ ಪ್ರಕಾರಕ್ಕೆ ಮಾಡಿ. ಆಮೇಲೆ ಮಕ್ಕಳು ತಮ್ಮ ಕರಡಿನ ಅಂಚಿನಲ್ಲಿ ಮಟ್ಟ ಬರೆಯಲಿ, ಅದಕ್ಕೆ ಆಧಾರವಾದ ಸಾಲಿಗೆ ಗೆರೆ ಎಳೆಯಲಿ. ಗೆರೆ ಎಳೆಯಲು ಸಾಲು ಸಿಗದಿದ್ದರೆ, ನೀವು ಕೆಂಪು ಪೆನ್ನು ಹಿಡಿಯುವ ಮೊದಲೇ ಆ ಮಗು ತಿದ್ದಲು ಕೂರುತ್ತದೆ.

– ಸಂ.