ಹೆರಿಗೆ ರಜೆಯಿಂದ ಬಂದಾಗ ಕೆಲಸ ಬೇರೆಯವರ ಪಾಲಾಗಿದ್ದರೆ

ಪ್ರಶ್ನೆ: ಆರು ತಿಂಗಳ ಹೆರಿಗೆ ರಜೆ ಮುಗಿಸಿ ಬಂದೆ. ಸಂಬಳ, ಹುದ್ದೆ ಅದೇ ಇದೆ, ಆದರೆ ನನ್ನ ಕೆಲಸವೆಲ್ಲ ಬೇರೆಯವರ ಕೈಯಲ್ಲಿದೆ. ಕಾನೂನು ಇದನ್ನು ಒಪ್ಪುತ್ತದೆಯೇ?

ಉತ್ತರ: ಒಪ್ಪುವುದಿಲ್ಲ ಎನ್ನಬಹುದು, ಆದರೆ ಸಾಬೀತು ಮಾಡುವುದು ಕಷ್ಟ. ಹೆರಿಗೆ ರಜೆಯಲ್ಲಿರುವವರ ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸಬಾರದು ಎಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯ 12ನೇ ಸೆಕ್ಷನ್ ಹೇಳಿತ್ತು; 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಮಾತು ಉಳಿದಿದೆ.

ತೊಡಕು ಇರುವುದು ದಾಖಲೆಯಲ್ಲಿ. ಸಂಬಳ ಕಡಿತವಾದರೆ ಪೇಸ್ಲಿಪ್‌ನಲ್ಲಿ ಕಾಣುತ್ತದೆ. ಜವಾಬ್ದಾರಿ ಹೋದದ್ದು ಎಲ್ಲೂ ಕಾಣುವುದಿಲ್ಲ. ‘ಸದ್ಯಕ್ಕೆ ನೋಡಿಕೊಳ್ಳಿ’ ಎಂದು ವಹಿಸಿದ ಕೆಲಸವನ್ನು ಯಾವಾಗ ಮರಳಿಸಬೇಕೆಂದು ಯಾರೂ ಬರೆದಿರುವುದಿಲ್ಲ. ಗ್ರಾಹಕರೂ ಅಷ್ಟರಲ್ಲಿ ಹೊಸಬರಿಗೇ ಮೇಲ್ ಮಾಡಲು ಶುರು ಮಾಡಿರುತ್ತಾರೆ.

ಆದ್ದರಿಂದ ದಾಖಲೆಯನ್ನು ನೀವೇ ಹುಟ್ಟಿಸಬೇಕು. ಉದಾಹರಣೆಗೆ, ನೀವು ಮೂವರು ಗ್ರಾಹಕರ ಬಿಲ್ ಅನುಮೋದಿಸುತ್ತಿದ್ದಿರಿ, ಈಗ ಬರೀ ವರದಿ ತಯಾರಿಸುತ್ತಿದ್ದೀರಿ ಎಂದುಕೊಳ್ಳಿ. ಮೊದಲ ವಾರದಲ್ಲೇ ಮ್ಯಾನೇಜರ್‌ಗೆ ಮೇಲ್ ಬರೆಯಿರಿ: ‘ರಜೆಗೆ ಮುಂಚೆ ಈ ಮೂರು ಖಾತೆ ನನ್ನಲ್ಲಿದ್ದವು, ಯಾವ ದಿನಾಂಕದಿಂದ ಮರಳುತ್ತವೆ?’ ರಜೆಗೆ ಮುಂಚಿನ ಅಪ್ರೈಸಲ್ ಗುರಿಗಳನ್ನೂ ಲಗತ್ತಿಸಿ. ‘ನೋಡೋಣ’ ಎಂದು ಬಾಯಿಮಾತಲ್ಲಿ ಹೇಳಿದರೆ ಅದನ್ನೂ ಅದೇ ಮೇಲ್‌ನ ಕೆಳಗೆ ಬರೆದು ಕಳಿಸಿ. ಮುಂದೆ ರೇಟಿಂಗ್ ಇಳಿದರೆ, ಕೆಲಸ ಕಿತ್ತುಕೊಂಡದ್ದಕ್ಕೂ ಅದಕ್ಕೂ ಇರುವ ನಂಟನ್ನು ತೋರಿಸುವುದು ಈ ಮೇಲ್‌ಗಳೇ.