ಯುಕೆ ನರ್ಸಿಂಗ್ ನೋಂದಣಿಗೆ ಮೊದಲು ಏನು ಮಾಡಬೇಕು?

"ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮೈಸೂರಿನಲ್ಲಿ ಕೆಲಸ ಮಾಡ್ತಿದ್ದೀನಿ. ಯುಕೆಗೆ ಹೋಗೋ ಆಸೆ. ಏಜೆಂಟ್ ಮೊದಲು ಸಿಬಿಟಿ ಬರೀರಿ ಅಂತಾರೆ, ಫ್ರೆಂಡ್ಸ್ ಐಇಎಲ್‌ಟಿಎಸ್ ಅಂತಾರೆ. ಯಾವುದು ಮೊದಲು?"

ಎರಡೂ ಅಲ್ಲ, ಮೊದಲು ಕಾಗದಪತ್ರ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ, ಸಿಬಿಟಿ ನರ್ಸಿಂಗ್ ಪರೀಕ್ಷೆ, ಎರಡರ ಫಲಿತಾಂಶಕ್ಕೂ ಎರಡು ವರ್ಷದ ಅವಧಿ ಇದೆ. ಪಾಸಾಗಿ ಕಾಗದಪತ್ರಕ್ಕೆ ಕಾಯುತ್ತಾ ಕೂತರೆ ಆ ಅವಧಿ ಸುಮ್ನೆ ಕರಗುತ್ತದೆ. ನಾನು ಹಾಸನದವಳು, ಈಗ ಇಂಗ್ಲೆಂಡಿನಲ್ಲಿ ವಾರ್ಡ್ ನರ್ಸ್. ನಮ್ಮ ಕಡೆಯ ಹುಡುಗಿಯರು ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಪರೀಕ್ಷೆಯಲ್ಲಲ್ಲ, ಹೆಸರಿನಲ್ಲಿ.

ನಮ್ಮಲ್ಲಿ ಇನಿಷಿಯಲ್ ಇಡುವ ರೂಢಿ ಅಲ್ವಾ? ಒಬ್ಬಳ ಹೆಸರು ಕಾವ್ಯ ಎಚ್.ಆರ್. ಅಂತ ಇಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ, ಕರ್ನಾಟಕ ನರ್ಸಿಂಗ್ ಕೌನ್ಸಿಲ್ ಸರ್ಟಿಫಿಕೇಟ್, ಎಲ್ಲದರಲ್ಲೂ ಹಾಗೇ ಇರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆದಿರುತ್ತಾರೆ. ಅಲ್ಲಿ ಅವಳು ಕಾವ್ಯ ಹೊಳೆನರಸೀಪುರ ರಮೇಶ್. ಮದುವೆಯಾದ ಮೇಲೆ ಪಾಸ್‌ಪೋರ್ಟ್ ಬದಲಾಯಿಸಿದ್ದರೆ ಮೂರನೇ ಹೆಸರು ಬೇರೆ. ಊರಿನ ಹೆಸರು, ಅಪ್ಪನ ಹೆಸರು ಅಂತ ನಮಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಅಲ್ಲಿ ನೋಂದಣಿ ಮಾಡುವ ಎನ್‌ಎಂಸಿಯಲ್ಲಿ ಕಡತ ನೋಡುವವರಿಗೆ ಅದು ಇಬ್ಬರು ಬೇರೆ ಬೇರೆ ಜನರ ಹಾಗೆ ಕಾಣಬಹುದು.

ಹಾಗಾಗಿ ಇವತ್ತು ಸಂಜೆಯೇ ಎಲ್ಲ ದಾಖಲೆ ಸಾಲಾಗಿ ಹರಡಿ, ಒಂದೊಂದು ಅಕ್ಷರವನ್ನೂ ಪಾಸ್‌ಪೋರ್ಟ್ ಜೊತೆ ಹೋಲಿಸಿ ನೋಡಿ. ಹುಟ್ಟಿದ ದಿನಾಂಕವನ್ನೂ ನೋಡಿ. ಕೌನ್ಸಿಲ್ ದಾಖಲೆಯಲ್ಲಿ ತಿದ್ದಿಸಲು ಆಗುವುದನ್ನು ಬೆಂಗಳೂರಿಗೆ ಹೋಗಿ ತಿದ್ದಿಸಿ. ಆಗದಿದ್ದರೆ ಎರಡೂ ಹೆಸರು ಒಬ್ಬಳದೇ ಎಂದು ನೋಟರಿ ಅಫಿಡವಿಟ್ ಮಾಡಿಸಿ. ಮದುವೆಯಿಂದ ಹೆಸರು ಬದಲಾಗಿದ್ದರೆ ವಿವಾಹ ನೋಂದಣಿ ಪತ್ರ ಬೇಕು. ಇಂಗ್ಲಿಷ್ ಪರೀಕ್ಷೆಗೂ ಸಿಬಿಟಿಗೂ ಪಾಸ್‌ಪೋರ್ಟಿನಲ್ಲಿ ಇರುವ ಹೆಸರನ್ನೇ ಕೊಡಿ, ಇನಿಷಿಯಲ್ ಹಾಕಬೇಡಿ.

ಕೌನ್ಸಿಲ್ ನೋಂದಣಿ ಚಾಲ್ತಿಯಲ್ಲಿದೆಯಾ ಅಂತಲೂ ಆಗಲೇ ನೋಡಿಕೊಳ್ಳಿ. ನೀವು ನೋಂದಾಯಿತ ನರ್ಸ್ ಎಂಬ ಮಾತು ಎನ್‌ಎಂಸಿಗೆ ಕೌನ್ಸಿಲ್‌ನಿಂದಲೇ ನೇರವಾಗಿ ಬರಬೇಕು. ನಿಮ್ಮ ಕೈಯಲ್ಲಿರುವ ಸರ್ಟಿಫಿಕೇಟ್ ಸ್ಕ್ಯಾನ್ ಮಾಡಿ ಕಳಿಸಿದರೆ ಸಾಲದು. ಎಲ್ಲದಕ್ಕಿಂತ ನಿಧಾನವಾಗುವ ಹಂತ ಇದೇ. ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೀನಿ.

ಇದು ಒಂದು ಹಾದಿಗೆ ಬಂದ ಮೇಲೆ ಇಂಗ್ಲಿಷ್. ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಓದು, ಕೇಳುವಿಕೆ, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5 ಬೇಕು. ಅದರ ಬದಲು ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ ಒಇಟಿ ಆದರೆ ಮೊದಲ ಮೂರರಲ್ಲಿ ಬಿ, ಬರವಣಿಗೆಯಲ್ಲಿ ಸಿ ಪ್ಲಸ್. ನನ್ನ ಅಭಿಪ್ರಾಯ ಕೇಳಿದರೆ ಒಇಟಿ. ಅದರಲ್ಲಿ ಬರೆಯಬೇಕಾದದ್ದು ರೋಗಿಯ ಬಗ್ಗೆ ಒಂದು ಪತ್ರ. ಡಿಸ್ಚಾರ್ಜ್ ಸಮ್ಮರಿ ನೋಡಿ ಪಳಗಿದ ಕೈಗೆ ಅದು ಹೊಸದಲ್ಲ. ಶುಲ್ಕ ಜಾಸ್ತಿ, ಅಷ್ಟೇ.

ಆಮೇಲೆ ಸಿಬಿಟಿ. ಇದು ಕಂಪ್ಯೂಟರ್ ಪರೀಕ್ಷೆ, ಇಂಡಿಯಾದಲ್ಲೇ ಬರೆಯಬಹುದು. ಮೊದಲ ಭಾಗದಲ್ಲಿ 15 ಲೆಕ್ಕ, ಎರಡನೆಯದರಲ್ಲಿ 100 ನರ್ಸಿಂಗ್ ಪ್ರಶ್ನೆ. ಒಂದರಲ್ಲಿ ಹೋದರೆ ಅದೊಂದನ್ನೇ ಮತ್ತೆ ಬರೆದರೆ ಸಾಕು. ಲೆಕ್ಕಗಳು ಹೀಗಿರುತ್ತವೆ: ರೋಗಿಗೆ 375 ಮಿಲಿಗ್ರಾಂ ಬರೆದಿದ್ದಾರೆ, ಸಿರಪ್ 5 ಎಂಎಲ್‌ನಲ್ಲಿ 250 ಮಿಲಿಗ್ರಾಂ ಇದೆ, ಎಷ್ಟು ಎಂಎಲ್ ಕೊಡ್ತೀರಿ? 375ನ್ನು 250ರಿಂದ ಭಾಗಿಸಿ 5ರಿಂದ ಗುಣಿಸಿದರೆ 7.5. ಇಲ್ಲಿ ಆಯ್ಕೆ ಕೊಡುವುದಿಲ್ಲ, ಉತ್ತರ ನೀವೇ ಟೈಪ್ ಮಾಡಬೇಕು. ಅಂದಾಜು ನಡೆಯಲ್ಲ.

ಕೊನೆಯದು ಆಸ್ಕಿ. ಇದು ಯುಕೆಯಲ್ಲೇ ನಡೆಯುವ ಪ್ರಾಯೋಗಿಕ ಪರೀಕ್ಷೆ, 10 ಸ್ಟೇಷನ್ ಇರುತ್ತವೆ. ಸಾಮಾನ್ಯವಾಗಿ ಕೆಲಸ ಸಿಕ್ಕಿ ವೀಸಾದಲ್ಲಿ ಬಂದ ಮೇಲೆ ಆಸ್ಪತ್ರೆಯವರೇ ತರಬೇತಿ ಕೊಟ್ಟು ಕಳಿಸುತ್ತಾರೆ. ನಮ್ಮವರಿಗೆ ಕೈಕೆಲಸ ಬರುತ್ತದೆ, ಬಾಯಿ ಬಿಡುವುದು ಕಷ್ಟ. ಮಾತ್ರೆ ಕೊಡುವ ಮೊದಲು ಹೆಸರು, ಹುಟ್ಟಿದ ದಿನಾಂಕ ಕೇಳಿ ಕೈಪಟ್ಟಿ ನೋಡಬೇಕು. ಅಲರ್ಜಿ ಇದೆಯಾ ಅಂತ ಬಾಯಿಬಿಟ್ಟು ಕೇಳಲೇಬೇಕು. ಮನಸ್ಸಿನಲ್ಲೇ ನೋಡಿಕೊಂಡರೆ ಪರೀಕ್ಷಕರಿಗೆ ತಿಳಿಯುವುದಿಲ್ಲ. ಈ ಅಭ್ಯಾಸವನ್ನು ಈಗಿನ ವಾರ್ಡಿನಲ್ಲೇ ಶುರು ಮಾಡಬಹುದು.

ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪೊಲೀಸ್ ಕ್ಲಿಯರೆನ್ಸ್ ಕೂಡ ಬೇಕು. ಅದನ್ನು ಈಗಲೇ ಮಾಡಿಸಬೇಡಿ, ಹಳೆಯದಾಗುತ್ತದೆ. ಅರ್ಜಿ ಹಾಕುವ ಹೊತ್ತಿಗೆ ಸಾಕು.

ಏಜೆಂಟ್ ಬಗ್ಗೆ ಒಂದು ಮಾತು. ಕೆಲಸ ಕೊಡಿಸಲು ನರ್ಸ್ ಹತ್ತಿರ ದುಡ್ಡು ತಗೊಳ್ಳಬಾರದು ಅಂತ ಯುಕೆ ಸರ್ಕಾರದ ನೇಮಕಾತಿ ನೀತಿಯಲ್ಲೇ ಇದೆ. ಪರೀಕ್ಷೆ, ಎನ್‌ಎಂಸಿ ಶುಲ್ಕ ನಿಮ್ಮದು, ಅದನ್ನು ನೀವೇ ಆನ್‌ಲೈನಲ್ಲಿ ಕಟ್ಟಬಹುದು. "ಸಿಬಿಟಿ ಬರೀರಿ, ಕೆಲಸ ಗ್ಯಾರಂಟಿ" ಅನ್ನುವವರನ್ನು ನಂಬಬೇಡಿ. 2022-23ರ ಹೊತ್ತಿಗೆ ಇದ್ದಷ್ಟು ನೇಮಕಾತಿ ಈಗಿಲ್ಲ. ಆಸ್ಪತ್ರೆಗಳು ನೇರವಾಗಿ ಹಾಕುವ ಹುದ್ದೆಗಳನ್ನು ಎನ್‌ಎಚ್‌ಎಸ್ ಜಾಬ್ಸ್ ಜಾಲತಾಣದಲ್ಲಿ ನೋಡಿ. ನಿಮ್ಮ ವಿಭಾಗದಲ್ಲಿ ವೀಸಾ ಸ್ಪಾನ್ಸರ್ ಮಾಡುವವರು ಇದ್ದಾರಾ ಅಂತ ತಿಳಿದುಕೊಂಡ ಮೇಲೆ ಸಿಬಿಟಿಗೆ ದುಡ್ಡು ಕಟ್ಟಿ.