ಪೌರತ್ವ ಬದಲಾದ ಮೇಲೂ ಭಾರತದಲ್ಲಿ ವಿಚ್ಛೇದನ ಕೇಳಬಹುದೇ?

ಪ್ರಶ್ನೆ: ನಮ್ಮ ಮದುವೆ ಹಾಸನದಲ್ಲಿ ಹಿಂದೂ ಪದ್ಧತಿಯಂತೆ ಆಯಿತು. ಆಮೇಲೆ ಇಬ್ಬರೂ ಜರ್ಮನಿಯ ಪೌರರಾದೆವು. ಈಗ ಗಂಡನ ಕೆಲಸದ ವೀಸಾದ ಮೇಲೆ ದುಬೈಯಲ್ಲಿದ್ದೇವೆ. ಮಗಳೊಂದಿಗೆ ತವರಿಗೆ ಬಂದು ಇಲ್ಲಿ ವಿಚ್ಛೇದನ ಕೇಳಬಹುದೇ? ‘ನಾವು ಭಾರತೀಯರೇ ಅಲ್ಲ’ ಎನ್ನುತ್ತಾರೆ ಅವರು.

ಉತ್ತರ: ನಾನು ಕೌಟುಂಬಿಕ ಪ್ರಕರಣಗಳನ್ನು ನಡೆಸುವ ವಕೀಲೆ. ನಿಮ್ಮ ಪತಿಯ ವಾದ ಅಷ್ಟಕ್ಕೇ ಗೆಲ್ಲುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ 1(2)ನೇ ಕಲಂ, ಹೊರದೇಶದಲ್ಲಿರುವ ಹಿಂದೂಗಳ ಪೌರತ್ವವನ್ನು ಕೇಳುವುದಿಲ್ಲ. ಅವರ ಡೊಮಿಸೈಲ್ ಭಾರತವೇ ಎಂದು ಕೇಳುತ್ತದೆ. ಡೊಮಿಸೈಲ್ ಎಂದರೆ ಕಾನೂನು ನಿಮ್ಮದೆಂದು ಗುರುತಿಸುವ ಕಾಯಂ ನೆಲೆ. ಹುಟ್ಟಿನಿಂದ ಬಂದ ಈ ನೆಲೆ ಹೋಗಬೇಕಾದರೆ ಇನ್ನೊಂದು ದೇಶದಲ್ಲಿ ವಾಸವಿರಬೇಕು, ಅಲ್ಲೇ ಕೊನೆತನಕ ಉಳಿಯುವ ನಿರ್ಧಾರವೂ ಇರಬೇಕು. ಹಾಗೆ ಬದಲಾಗಿದೆ ಎನ್ನುವವರೇ ಅದನ್ನು ಸಾಬೀತುಪಡಿಸಬೇಕು.

2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣ ನಿಮ್ಮದನ್ನೇ ಹೋಲುತ್ತದೆ. ಬೆಂಗಳೂರಿನಲ್ಲಿ ಮದುವೆಯಾದ ದಂಪತಿ ಸ್ವೀಡನ್ನಿನ ಪೌರತ್ವ ಪಡೆದು, ಬಳಿಕ ಆಸ್ಟ್ರೇಲಿಯಾಕ್ಕೆ ಹೋಗಿದ್ದರು. ಹೆಂಡತಿ ಮುಂಬೈಯ ಬಾಂದ್ರಾ ಕೌಟುಂಬಿಕ ನ್ಯಾಯಾಲಯದಲ್ಲಿ ನ್ಯಾಯಿಕ ಪ್ರತ್ಯೇಕತೆಯನ್ನೂ, ಅಂದರೆ ಮದುವೆ ಮುರಿಯದೆ ಬೇರೆ ಇರುವ ಆದೇಶವನ್ನೂ, ಮಕ್ಕಳ ಸುಪರ್ದಿಯನ್ನೂ ಕೇಳಿದರು. ತಮ್ಮ ಡೊಮಿಸೈಲ್ ಈಗ ಆಸ್ಟ್ರೇಲಿಯಾ, ಹಾಗಾಗಿ ಇಲ್ಲಿನ ಕಾಯ್ದೆ ತಮಗೆ ಅನ್ವಯಿಸದು ಎಂದು ಗಂಡ ವಾದಿಸಿದರು. ಆದರೆ ಅವರು ಅಲ್ಲಿದ್ದದ್ದು ತಾತ್ಕಾಲಿಕ ವೀಸಾದ ಮೇಲೆ. ಆಸ್ಟ್ರೇಲಿಯಾದ ಡೊಮಿಸೈಲ್ ಸಾಬೀತಾಗಲಿಲ್ಲ. ಸ್ವೀಡನ್ನನ್ನು ಬಿಟ್ಟಿದ್ದರಿಂದ ಹುಟ್ಟಿನ ಡೊಮಿಸೈಲ್ ಆದ ಭಾರತವೇ ಮರಳಿತು, ಅರ್ಜಿ ಉಳಿಯಿತು.

ನಿಮ್ಮ ವಿಷಯದಲ್ಲಿ ದುಬೈ ಅಂಥ ತೊಡಕಲ್ಲ. ಕೆಲಸದ ವೀಸಾ ಕಾಯಂ ನೆಲೆಯನ್ನು ತೋರಿಸುವುದು ಕಷ್ಟ. ತೊಡಕಿರುವುದು ಜರ್ಮನಿಯಲ್ಲಿ. ಅಲ್ಲಿ ಮನೆ ಉಳಿಸಿಕೊಂಡಿದ್ದೀರಾ? ದುಬೈ ಕೆಲಸ ಮುಗಿದ ಮೇಲೆ ಅಲ್ಲಿಗೇ ಮರಳುವುದೆಂದು ಎಲ್ಲಾದರೂ ಬರೆದಿದ್ದೀರಾ? ಹೌದಾದರೆ ಅವರ ವಾದಕ್ಕೆ ಬಲ ಬರುತ್ತದೆ. ಮನೆ ಮಾರಿದ ಪತ್ರ, ಭಾರತದಲ್ಲಿ ನಿವೇಶನ ಕೊಂಡದ್ದು, ಊರಿಗೆ ಮರಳುವ ಬಗ್ಗೆ ಇಬ್ಬರ ನಡುವಿನ ಇಮೇಲ್‌ಗಳು ಇದ್ದರೆ ಈಗಲೇ ತೆಗೆದಿರಿಸಿ.

ಹಲವರು ಇಲ್ಲೇ ಎಡವುತ್ತಾರೆ: ಮದುವೆ ಹಾಸನದಲ್ಲಾಯಿತು, ಹೆಂಡತಿ ತವರಿನಲ್ಲಿದ್ದಾಳೆ, ಅಷ್ಟು ಸಾಕು ಎಂದುಕೊಳ್ಳುತ್ತಾರೆ. ಇದೇ ಕಾಯ್ದೆಯ 19ನೇ ಕಲಮಿನ ಆ ಅಂಶಗಳು ಯಾವ ಊರಿನ ನ್ಯಾಯಾಲಯ ಎಂಬುದನ್ನಷ್ಟೇ ಹೇಳುತ್ತವೆ. ಕಾಯ್ದೆಯೇ ಅನ್ವಯಿಸದಿದ್ದರೆ ಅವು ಉಪಯೋಗಕ್ಕೆ ಬರುವುದಿಲ್ಲ. ಅರ್ಜಿಯಲ್ಲಿ ಡೊಮಿಸೈಲ್ ಕುರಿತು ಪ್ರತ್ಯೇಕ ಪ್ಯಾರಾ ಇರಲೇಬೇಕು.

ಮಗಳ ವಿಷಯ ಬೇರೆಯೇ. ಅಲ್ಲಿ ಡೊಮಿಸೈಲ್ ಅಲ್ಲ, ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೆ ಎಂಬುದು ಮುಖ್ಯ. ನೀವು ಬಂದ ಮಾತ್ರಕ್ಕೆ ಅವಳ ವಾಸ ಬೆಂಗಳೂರೋ ಹಾಸನವೋ ಆಗಿಬಿಡುವುದಿಲ್ಲ. ಶಾಲೆ, ಗೆಳತಿಯರು, ದಿನಚರಿ ಎಲ್ಲವೂ ದುಬೈಯಲ್ಲಿವೆ ಎಂದು ನಿಮ್ಮ ಪತಿ ಹೇಳುತ್ತಾರೆ. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತವೂ ಯುಎಇಯೂ ಸೇರಿಲ್ಲ. ಆದ್ದರಿಂದ ಅದರಡಿ ಮಗುವನ್ನು ಮರಳಿಸುವ ಪ್ರಕ್ರಿಯೆ ಇಲ್ಲಿ ನಡೆಯದು. ಆದರೂ ಅವರು ಮಗುವನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಲು ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಹೈಕೋರ್ಟಿನಲ್ಲಿ ಹಾಕಬಹುದು. ಆಗ ಮಗುವಿನ ಹಿತವೇ ನಿರ್ಣಾಯಕ. ಒಪ್ಪಿಗೆಯಿಲ್ಲದೆ ಕರೆತಂದದ್ದು ನಿಮ್ಮ ವಿರುದ್ಧ ಬಳಕೆಯಾಗುತ್ತದೆ. ಟಿಕೆಟ್ ಮಾಡಿಸುವ ಮೊದಲು ಅವರ ಲಿಖಿತ ಒಪ್ಪಿಗೆಗೆ ಪ್ರಯತ್ನಿಸಿ, ಸಿಗದಿದ್ದರೆ ದುಬೈಯ ವಕೀಲರನ್ನು ಕಾಣಿ.